ಮಾತ್ರೆಯೊಂದರ ಬೆಲೆ, ವರ್ಷವೊಂದರ ಲೆಕ್ಕ

ಮಧುಮೇಹ, ರಕ್ತದೊತ್ತಡದಂತಹ ದೀರ್ಘಕಾಲದ ಕಾಯಿಲೆಗಳ ಔಷಧವೆಚ್ಚವು ಶಸ್ತ್ರಚಿಕಿತ್ಸೆಯ ವೆಚ್ಚದಂತೆ ಒಮ್ಮೆಲೇ ಎದುರಾಗುವುದಿಲ್ಲ. ಅದು ಪ್ರತಿ ತಿಂಗಳೂ ಬರುತ್ತದೆ. ಒಂದು ತಿಂಗಳ ಬಿಲ್ಲನ್ನು ಮಾತ್ರ ನೋಡಿದವರಿಗೆ ಅದರ ಭಾರವು ಪೂರ್ಣವಾಗಿ ತಿಳಿಯುವುದಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಂದೆಡೆ ಇಟ್ಟು ಕೂಡಿಸುವ ರೂಢಿಯೂ ಮನೆಗಳಲ್ಲಿ ವಿರಳ. ಎಂಟನೆಯ ತರಗತಿಯ ವಿದ್ಯಾರ್ಥಿಗೆ ಬರುವ ಗುಣಾಕಾರ, ಭಾಗಾಕಾರಗಳಿಂದಲೇ ಈ ಲೆಕ್ಕವನ್ನು ಮಾಡಲು ಸಾಧ್ಯ. ಆದರೆ ಯಾವುದನ್ನು ಯಾವುದರೊಡನೆ ಹೋಲಿಸಬೇಕು ಎಂಬುದನ್ನು ತಿಳಿಯದೆ ಮಾಡಿದ ಲೆಕ್ಕವು ದಾರಿ ತಪ್ಪಿಸುತ್ತದೆ. ಆ ತಿಳಿವಳಿಕೆಯನ್ನು ಒಂದು ಮನೆಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಒಂದು ಮನೆಯ ಬಿಲ್ಲು

ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹಿರಿಯರಿಗೆ ಅರುವತ್ತೇಳು ವರ್ಷ. ಸಣ್ಣ ಅಡಕೆ ತೋಟವೇ ಅವರ ಜೀವನಾಧಾರ. ಆ ಭಾಗದ ಅನೇಕರಂತೆ ಅವರೂ ಮಂಗಳೂರಿನ ವೈದ್ಯರಲ್ಲಿ ತೋರಿಸಿಕೊಂಡು, ಮದ್ದನ್ನು ಊರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ಅವರ ಚೀಟಿಯಲ್ಲಿ ಮೂರು ಔಷಧಗಳಿವೆ. ಮಧುಮೇಹಕ್ಕೆ ಗ್ಲಿಮೆಪಿರೈಡ್ 1 ಮಿ.ಗ್ರಾಂ ಮತ್ತು ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಸೇರಿದ ಒಂದು ಜೋಡಿ ಮಾತ್ರೆ, ದಿನಕ್ಕೆ ಎರಡು ಬಾರಿ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಬೆಳಿಗ್ಗೆ ಒಂದು. ಕೊಬ್ಬಿನಂಶಕ್ಕೆ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ, ರಾತ್ರಿ ಒಂದು. ಒಟ್ಟು ದಿನಕ್ಕೆ ನಾಲ್ಕು ಮಾತ್ರೆಗಳು.

ಎಂಟನೆಯ ತರಗತಿಯ ಮೊಮ್ಮಗಳು ಶಾಲೆಯ ಚಟುವಟಿಕೆಗಾಗಿ ಮನೆಯ ಬಿಲ್ಲುಗಳನ್ನು ಒಟ್ಟುಗೂಡಿಸುತ್ತಾಳೆ. ಪ್ರತಿ ಬಿಲ್ಲಿನಲ್ಲಿಯೂ ಮೂರು ಔಷಧಗಳ ಎರಡೆರಡು ಸ್ಟ್ರಿಪ್‌ಗಳಿವೆ. ಪ್ರತಿ ಸ್ಟ್ರಿಪ್‌ನಲ್ಲಿ ಹದಿನೈದು ಮಾತ್ರೆಗಳು. ದಿನಕ್ಕೊಂದು ಮಾತ್ರೆಯಾದರೆ ಎರಡು ಸ್ಟ್ರಿಪ್‌ಗಳು ಮೂವತ್ತು ದಿನಕ್ಕೆ ಸರಿಹೋಗುತ್ತವೆ. ಆದರೆ ಮಧುಮೇಹದ ಮಾತ್ರೆ ದಿನಕ್ಕೆ ಎರಡು. ಆ ಮೂವತ್ತು ಮಾತ್ರೆಗಳು ಹದಿನೈದೇ ದಿನಕ್ಕೆ ಮುಗಿಯಬೇಕು. ಮುಂದಿನ ಬಿಲ್ಲಿನ ದಿನಾಂಕವು ಒಂದು ತಿಂಗಳ ಅನಂತರದ್ದು.

“ಅಜ್ಜ, ಸಂಜೆಯ ಮಾತ್ರೆ ಎಲ್ಲಿ ಹೋಯಿತು?” ಎಂದು ಅವಳು ಕೇಳುತ್ತಾಳೆ.

“ಬೆಳಿಗ್ಗಿನದ್ದು ಸಾಕು ಮಗಾ. ಸಂಜೆಯದ್ದೂ ತೆಗೆದುಕೊಂಡರೆ ತಿಂಗಳ ಕೊನೆಗೆ ಹಾಲಿನ ದುಡ್ಡಿಗೆ ಬರಗಾಲ” ಎಂಬುದು ಅಜ್ಜನ ಉತ್ತರ.

ಇಂತಹ ಉತ್ತರ ಅನೇಕ ಮನೆಗಳಲ್ಲಿ ದೊರೆಯಬಹುದು. ಔಷಧದ ಬೆಲೆ ಹೆಚ್ಚಾದಾಗ ಜನರು ಔಷಧವನ್ನು ಪೂರ್ತಿಯಾಗಿ ಬಿಡುವುದಕ್ಕಿಂತ ಮೊದಲು ಅದನ್ನು ಹಿಂಜಿ ಬಳಸುತ್ತಾರೆ. ಎರಡರ ಬದಲು ಒಂದು, ದಿನವೂ ತೆಗೆದುಕೊಳ್ಳುವುದರ ಬದಲು ದಿನ ಬಿಟ್ಟು ದಿನ. ಆದುದರಿಂದ ಈ ಲೆಕ್ಕದಲ್ಲಿ ಉಳಿತಾಯವೊಂದೇ ಪ್ರಶ್ನೆಯಲ್ಲ. ವೈದ್ಯರು ಬರೆದ ಪ್ರಮಾಣವನ್ನು ಆ ಮನೆಯು ವರ್ಷದುದ್ದಕ್ಕೂ ಕೊಳ್ಳಬಲ್ಲುದೇ ಎಂಬುದೂ ಪ್ರಶ್ನೆಯೇ.

ಒಂದೇ ಮದ್ದಿಗೆ ಎರಡು ಹೆಸರು

ಪ್ರತಿಯೊಂದು ಔಷಧಕ್ಕೂ ಅದರ ರಾಸಾಯನಿಕ ಸತ್ವವನ್ನು ಸೂಚಿಸುವ ಒಂದು ಸಾಮಾನ್ಯ ಹೆಸರಿದೆ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಮೊದಲಾದವು ಅಂತಹ ಹೆಸರುಗಳು. ಇವನ್ನೇ ಜನೆರಿಕ್ ಹೆಸರುಗಳೆನ್ನುತ್ತಾರೆ. ಅದೇ ಸತ್ವವನ್ನು ತಯಾರಿಸುವ ಕಂಪನಿಯು ತನ್ನ ಮಾತ್ರೆಗೆ ಇಡುವ ಮಾರಾಟದ ಹೆಸರು ಬ್ರಾಂಡ್. ಒಂದೇ ಟೆಲ್ಮಿಸಾರ್ಟನ್‌ಗೆ ಮಾರುಕಟ್ಟೆಯಲ್ಲಿ ಹತ್ತಾರು ಬ್ರಾಂಡ್ ಹೆಸರುಗಳಿರುತ್ತವೆ. ಅಕ್ಕಿಯ ತಳಿ ಒಂದೇ ಆಗಿದ್ದು ಚೀಲದ ಮೇಲಿನ ಮುದ್ರೆಗಳು ಬೇರೆಬೇರೆಯಾಗಿರುವಂತೆಯೇ ಇದು.

ಈ ಮೂರು ಔಷಧಗಳ ಮೂಲ ಪೇಟೆಂಟ್ ಅವಧಿಗಳು ಮುಗಿದು ವರ್ಷಗಳಾಗಿವೆ. ಹಾಗಾಗಿ ಅಂಗಡಿಯಲ್ಲಿ ಬ್ರಾಂಡ್ ಹೆಸರಿನಿಂದ ದೊರೆಯುವ ಮಾತ್ರೆಗಳೂ ಬಹುಪಾಲು ಮೂಲ ಸಂಶೋಧಕ ಕಂಪನಿಯವಲ್ಲ. ಅವೂ ಹೆಸರು ಹೊತ್ತ ಜನೆರಿಕ್‌ಗಳೇ. ಬೆಲೆಯ ಅಂತರವು ಬಹುಮಟ್ಟಿಗೆ ಮಾತ್ರೆಯ ಒಳಗಿನ ಸತ್ವದಿಂದ ಹುಟ್ಟಿದುದಲ್ಲ. ಬ್ರಾಂಡಿನ ಬೆಲೆಯಲ್ಲಿ ವೈದ್ಯರನ್ನು ಕಾಣುವ ಪ್ರತಿನಿಧಿಗಳ ಸಂಬಳ, ಪ್ರಚಾರ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು ಎಲ್ಲವೂ ಸೇರಿರುತ್ತವೆ.

ಸಾಮಾನ್ಯ ಹೆಸರನ್ನು ಸ್ಟ್ರಿಪ್‌ನ ಮೇಲೆ ಹುಡುಕುವುದು ಹಿಂದೆ ಕಷ್ಟವಿತ್ತು. 2018ರಲ್ಲಿ ಜಾರಿಗೆ ಬಂದ ನಿಯಮದಂತೆ, ಸಾಮಾನ್ಯ ಹೆಸರನ್ನು ಬ್ರಾಂಡ್ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡದಾದ ಅಕ್ಷರಗಳಲ್ಲಿ ಮುದ್ರಿಸಬೇಕು. ಮೂರು ಅಥವಾ ಹೆಚ್ಚು ಔಷಧಗಳು ಸೇರಿದ ಮಾತ್ರೆಗಳಿಗೆ ಹಾಗೂ ವಿಟಮಿನ್ ಮಿಶ್ರಣಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಇದೆ. ಹೀಗಾಗಿ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲ ವಿದ್ಯಾರ್ಥಿಯು ಸ್ಟ್ರಿಪ್‌ನ ಮೇಲಿನ ದೊಡ್ಡ ಹೆಸರನ್ನು ಸುಲಭವಾಗಿ ಗುರುತಿಸಬಲ್ಲನು.

ಹೋಲಿಕೆಗೆ ಮುನ್ನ ನೋಡಬೇಕಾದವು

ಎರಡು ಸ್ಟ್ರಿಪ್‌ಗಳ ಬೆಲೆಯನ್ನು ಹೋಲಿಸುವ ಮೊದಲು ಅವೆರಡೂ ಒಂದೇ ಮದ್ದು ಎಂಬುದು ಖಚಿತವಾಗಬೇಕು. ಇದಕ್ಕಾಗಿ ಮೂರು ಸಂಗತಿಗಳನ್ನು ನೋಡಬೇಕು.

ಮೊದಲನೆಯದು ಹೆಸರು. ಜೋಡಿ ಮಾತ್ರೆಯಾದರೆ ಎರಡು ಹೆಸರುಗಳೂ ಸರಿಹೊಂದಬೇಕು. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಇರುವ ಮಾತ್ರೆಯ ಬದಲು ಬರಿಯ ಮೆಟ್‌ಫಾರ್ಮಿನ್ ಮಾತ್ರೆಯ ಬೆಲೆಯನ್ನು ಇಟ್ಟು ಹೋಲಿಸಿದರೆ ಉಳಿತಾಯವು ಸುಳ್ಳಾಗಿ ದೊಡ್ಡದಾಗಿ ಕಾಣುತ್ತದೆ. ಆ ಮಾತ್ರೆಯನ್ನೇ ತೆಗೆದುಕೊಂಡರಂತೂ ಚಿಕಿತ್ಸೆಯೇ ಅರ್ಧವಾಗುತ್ತದೆ.

ಎರಡನೆಯದು ಪ್ರಮಾಣ. ಈ ಜೋಡಿ ಮಾತ್ರೆಯು ಗ್ಲಿಮೆಪಿರೈಡ್ 1 ಮಿ.ಗ್ರಾಂ, 2 ಮಿ.ಗ್ರಾಂ ಮೊದಲಾದ ಪ್ರಮಾಣಗಳಲ್ಲಿ ಬರುತ್ತದೆ. ಮೇಲ್ನೋಟಕ್ಕೆ ಅವುಗಳ ಸ್ಟ್ರಿಪ್‌ಗಳು ಒಂದೇ ಬಗೆಯಾಗಿ ಕಾಣಬಹುದು. 1 ಮಿ.ಗ್ರಾಂ ಬದಲು 2 ಮಿ.ಗ್ರಾಂ ಬಂದರೆ ಗ್ಲಿಮೆಪಿರೈಡ್ ದಿನಕ್ಕೆ ಇಮ್ಮಡಿಯಾಗುತ್ತದೆ.

ಮೂರನೆಯದು ಮಾತ್ರೆಯ ರೂಪ. ಮೆಟ್‌ಫಾರ್ಮಿನ್ ಸಾಮಾನ್ಯ ಮಾತ್ರೆಯಾಗಿಯೂ, ಹಲವು ಗಂಟೆಗಳ ಕಾಲ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಿಯೂ ಸಿಗುತ್ತದೆ. ಎರಡನೆಯದರ ಮೇಲೆ ಎಸ್‌ಆರ್, ಇಆರ್ ಅಥವಾ ಪಿಆರ್ ಎಂಬ ಅಕ್ಷರಗಳಿರುತ್ತವೆ. ಚೀಟಿಯಲ್ಲಿ ಈ ರೂಪವಿದ್ದರೆ ಹೋಲಿಕೆಯಲ್ಲಿಯೂ ಇದೇ ರೂಪವಿರಬೇಕು. ಹಣ ಉಳಿಸಲೆಂದು ಹೆಚ್ಚಿನ ಪ್ರಮಾಣದ ಇಂತಹ ಮಾತ್ರೆಯನ್ನು ಕೊಂಡು ತುಂಡು ಮಾಡುವುದೂ, ನುಂಗಲು ಕಷ್ಟವೆಂದು ಪುಡಿ ಮಾಡುವುದೂ ಸಲ್ಲದು. ಪುಡಿಯಾದಾಗ ಇಡೀ ದಿನಕ್ಕೆಂದು ಇರಿಸಿದ ಮದ್ದು ಒಮ್ಮೆಲೇ ಬಿಡುಗಡೆಯಾಗುತ್ತದೆ.

ಲೆಕ್ಕದ ಕ್ರಮ

ಈ ಮೂರೂ ಸರಿಹೊಂದಿದ ಮೇಲೆ ಬೆಲೆಯ ಲೆಕ್ಕ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಸ್ಟ್ರಿಪ್‌ನ ಬೆಲೆಯನ್ನು ಸ್ಟ್ರಿಪ್‌ನ ಬೆಲೆಯೊಡನೆ ಹೋಲಿಸುವುದು. ಒಂದರಲ್ಲಿ ಹದಿನೈದು ಮಾತ್ರೆಗಳು, ಇನ್ನೊಂದರಲ್ಲಿ ಹತ್ತು ಇರಬಹುದು. ಆದುದರಿಂದ ಮೊದಲು ಒಂದು ಮಾತ್ರೆಯ ಬೆಲೆಯನ್ನು ಕಂಡುಹಿಡಿಯಬೇಕು. ಅನಂತರ ಅದನ್ನು ದಿನದ ಮಾತ್ರೆಗಳ ಸಂಖ್ಯೆಯಿಂದ ಗುಣಿಸಿ ದಿನದ ವೆಚ್ಚವನ್ನು, ಆ ಬಳಿಕ 365ರಿಂದ ಗುಣಿಸಿ ವರ್ಷದ ವೆಚ್ಚವನ್ನು ತಿಳಿಯಬೇಕು.

ಕೆಳಗಿನ ಬೆಲೆಗಳನ್ನು ಲೆಕ್ಕವನ್ನು ತೋರಿಸುವುದಕ್ಕಾಗಿ ಇಟ್ಟುಕೊಳ್ಳಲಾಗಿದೆ. ಬೆಲೆಗಳು ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಪ್ರತಿಯೊಂದು ಮನೆಯವರೂ ತಮ್ಮ ಬಿಲ್ಲಿನ ಅಂಕಿಗಳನ್ನು ಈ ಜಾಗದಲ್ಲಿ ತುಂಬಿಕೊಳ್ಳಬೇಕು.

ಅಜ್ಜ ಕೊಳ್ಳುತ್ತಿರುವ ಬ್ರಾಂಡಿನ ಜೋಡಿ ಮಾತ್ರೆಯ ಬೆಲೆ ಹದಿನೈದಕ್ಕೆ 112.50 ರೂಪಾಯಿ, ಟೆಲ್ಮಿಸಾರ್ಟನ್ ಹದಿನೈದಕ್ಕೆ 108 ರೂಪಾಯಿ, ಅಟೋರ್ವಾಸ್ಟಾಟಿನ್ ಹದಿನೈದಕ್ಕೆ 84 ರೂಪಾಯಿ. ಜನೆರಿಕ್ ಅಂಗಡಿಯಲ್ಲಿ ಇವೇ ಮೂರು ಹತ್ತು ಮಾತ್ರೆಗಳಿಗೆ ಕ್ರಮವಾಗಿ 15, 12 ಮತ್ತು 8 ರೂಪಾಯಿ. ಒಂದು ಮಾತ್ರೆಯ ಬೆಲೆಗೆ ಇಳಿಸಿದಾಗ ದಿನದ ವೆಚ್ಚ ಹೀಗಾಗುತ್ತದೆ:

| ಔಷಧ | ದಿನಕ್ಕೆ ಮಾತ್ರೆ | ಬ್ರಾಂಡ್: ದಿನದ ವೆಚ್ಚ (ರೂ.) | ಜನೆರಿಕ್: ದಿನದ ವೆಚ್ಚ (ರೂ.) |
|---|---|---|---|
| ಮಧುಮೇಹದ ಜೋಡಿ ಮಾತ್ರೆ | 2 | 15.00 | 3.00 |
| ಟೆಲ್ಮಿಸಾರ್ಟನ್ | 1 | 7.20 | 1.20 |
| ಅಟೋರ್ವಾಸ್ಟಾಟಿನ್ | 1 | 5.60 | 0.80 |
| ಒಟ್ಟು | 4 | 27.80 | 5.00 |

ಬ್ರಾಂಡಿನ ವರ್ಷದ ವೆಚ್ಚ 27.80 × 365 = 10,147 ರೂಪಾಯಿ. ಜನೆರಿಕ್‌ನ ವರ್ಷದ ವೆಚ್ಚ 5 × 365 = 1,825 ರೂಪಾಯಿ. ಅಂತರ 8,322 ರೂಪಾಯಿ.

ತಿಂಗಳಿಗೆ ಮೂವತ್ತು ದಿನವೆಂದು ಹಿಡಿದು ಹನ್ನೆರಡರಿಂದ ಗುಣಿಸಿದವರಿಗೆ 8,208 ರೂಪಾಯಿ ಮಾತ್ರ ಸಿಗುತ್ತದೆ. ಅವರ ವರ್ಷಕ್ಕೆ 360 ದಿನಗಳು. ಉಳಿದ ಐದು ದಿನಗಳ ಅಂತರವೇ 114 ರೂಪಾಯಿ. ಅಂಕಿ ಚಿಕ್ಕದಾದರೂ ಇದನ್ನು ಗಮನಿಸಬೇಕು. ಮೂವತ್ತು ದಿನದ ಲೆಕ್ಕದಲ್ಲಿ ಮದ್ದು ಕೊಳ್ಳುವ ಮನೆಗಳಲ್ಲಿ ಮೂವತ್ತೊಂದನೆಯ ದಿನ ಮಾತ್ರೆ ಇಲ್ಲದೆ ಹೋಗುವುದು ಇದರಿಂದಲೇ.

ಇನ್ನೊಂದು ಅಂಶವನ್ನೂ ಪ್ರಾಮಾಣಿಕವಾಗಿ ನೋಡಬೇಕಾಗುತ್ತದೆ. ಅಜ್ಜ ಬ್ರಾಂಡಿನ ಪೂರ್ಣ ಪ್ರಮಾಣವನ್ನು ಕೊಳ್ಳುತ್ತಿರಲಿಲ್ಲ. ಪೂರ್ಣ ಪ್ರಮಾಣಕ್ಕೆ ಮೂವತ್ತು ದಿನಕ್ಕೆ 834 ರೂಪಾಯಿ ಬೇಕಿತ್ತು. ಅವರು ಕೊಡುತ್ತಿದ್ದುದು 609 ರೂಪಾಯಿ. ಜನೆರಿಕ್‌ನ ಪೂರ್ಣ ಪ್ರಮಾಣಕ್ಕೆ 150 ರೂಪಾಯಿ. ಆದುದರಿಂದ ಮನೆಯ ಕೈಯಲ್ಲಿ ನಿಜವಾಗಿ ಉಳಿಯುವುದು ತಿಂಗಳಿಗೆ 684 ಅಲ್ಲ, 459 ರೂಪಾಯಿ. ಆದರೆ ಮೊದಲು 609 ರೂಪಾಯಿ ಕೊಟ್ಟರೂ ಸಿಗದಿದ್ದ ಸಂಜೆಯ ಮಾತ್ರೆ ಈಗ 150 ರೂಪಾಯಿಯಲ್ಲಿಯೇ ಸಿಗುತ್ತದೆ. ಈ ಮನೆಯ ಮಟ್ಟಿಗೆ ಅದೇ ದೊಡ್ಡ ಲಾಭ.

ಉಳಿತಾಯವು ಕರಗುವ ದಾರಿಗಳು

ಕಾಗದದ ಮೇಲಿನ ಉಳಿತಾಯವೆಲ್ಲ ಕೈಗೆ ಬರುವುದಿಲ್ಲ. ಜನೆರಿಕ್ ಅಂಗಡಿಯು ದೂರದಲ್ಲಿದ್ದರೆ ಬಸ್ಸಿನ ಖರ್ಚನ್ನು ಕಳೆಯಬೇಕು. ಹೋಗಿಬರುವುದಕ್ಕೆ 30 ರೂಪಾಯಿಯಾದರೆ ತಿಂಗಳಿಗೊಮ್ಮೆ ಹೋಗುವವರಿಗೆ ವರ್ಷಕ್ಕೆ 360 ರೂಪಾಯಿ. ಎರಡು ತಿಂಗಳ ಕಾಲ ಟೆಲ್ಮಿಸಾರ್ಟನ್ ದಾಸ್ತಾನಿಲ್ಲದೆ ಬ್ರಾಂಡನ್ನೇ ಕೊಳ್ಳಬೇಕಾಗಿ ಬಂದರೆ, ದಿನಕ್ಕೆ ಆರು ರೂಪಾಯಿಯಂತೆ ಅರುವತ್ತು ದಿನಕ್ಕೆ ಇನ್ನೊಂದು 360 ರೂಪಾಯಿ. ಇವೆರಡನ್ನೂ ಕಳೆದರೆ 8,322 ರೂಪಾಯಿಯು 7,602 ರೂಪಾಯಿಗೆ ಇಳಿಯುತ್ತದೆ. ದಾಸ್ತಾನು ಕೊರತೆಯು ಜನೆರಿಕ್ ಅಂಗಡಿಗಳಲ್ಲಿ ಆಗಾಗ ಎದುರಾಗುವ ತೊಂದರೆ. ಆದುದರಿಂದ ಮನೆಯಲ್ಲಿ ಹದಿನೈದು ದಿನಗಳ ಮಾತ್ರೆ ಇರುವಾಗಲೇ ಮುಂದಿನದನ್ನು ಕೊಳ್ಳುವ ರೂಢಿ ಒಳ್ಳೆಯದು. ಮದ್ದು ಸಿಗಲಿಲ್ಲವೆಂದು ಮಾತ್ರೆಯನ್ನು ನಿಲ್ಲಿಸುವುದಕ್ಕಿಂತ ಆ ಕೆಲವು ದಿನ ಬ್ರಾಂಡನ್ನು ಕೊಳ್ಳುವುದೇ ಮೇಲು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದಾರಿಯಿದೆ. ಸಾಮಾನ್ಯ ಮದ್ದಿನಂಗಡಿಯಲ್ಲಿ “ಜನೆರಿಕ್ ಕೊಡಿ” ಎಂದು ಕೇಳಿದರೆ ಕೆಲವೊಮ್ಮೆ ಪ್ರಚಾರವಿಲ್ಲದೆ ನೇರವಾಗಿ ವ್ಯಾಪಾರಿಗಳಿಗೆ ಮಾರಲಾಗುವ ಮಾತ್ರೆಯನ್ನು ಕೊಡುತ್ತಾರೆ. ಅದು ವ್ಯಾಪಾರಿಗೆ ಬಹಳ ಅಗ್ಗವಾಗಿ ಸಿಕ್ಕಿರುತ್ತದೆ. ಆದರೆ ಅದರ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯು ಬ್ರಾಂಡಿನ ಬೆಲೆಗೆ ಸಮೀಪವಿರಬಹುದು. ಹತ್ತು ಶೇಕಡಾ ರಿಯಾಯಿತಿ ಸಿಕ್ಕಿತೆಂದು ಗಿರಾಕಿ ಸಂತೋಷಪಡುತ್ತಾನೆ, ನಿಜವಾದ ಅಂತರವು ಅಂಗಡಿಯಲ್ಲಿಯೇ ಉಳಿಯುತ್ತದೆ. ಈ ಉದಾಹರಣೆಯ 10,147 ರೂಪಾಯಿಯಲ್ಲಿ ಹತ್ತು ಶೇಕಡಾ ರಿಯಾಯಿತಿಯೆಂದರೆ ವರ್ಷಕ್ಕೆ ಸುಮಾರು 1,015 ರೂಪಾಯಿ ಮಾತ್ರ. ಹಾಗಾಗಿ ಲೆಕ್ಕದಲ್ಲಿ ಬರೆಯಬೇಕಾದುದು ಮುದ್ರಿತ ಬೆಲೆಯನ್ನಲ್ಲ, ರಿಯಾಯಿತಿಯ ಶೇಕಡಾವನ್ನೂ ಅಲ್ಲ. ಒಂದು ಮಾತ್ರೆಗೆ ಕೈಯಿಂದ ನಿಜವಾಗಿ ಕೊಟ್ಟ ಹಣವನ್ನು.

ಅಗ್ಗದ ಮದ್ದು ಕೆಲಸ ಮಾಡುತ್ತದೆಯೇ?

ಈ ಸಂದೇಹ ಸಹಜವಾದುದು. ಇದನ್ನು ಹಗುರವಾಗಿ ತಳ್ಳಿಹಾಕಬಾರದು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯು ಬ್ರಾಂಡಿಗೊಂದು, ಜನೆರಿಕ್‌ಗೊಂದು ಎಂದು ಬೇರೆ ಬೇರೆ ಮಾನದಂಡಗಳನ್ನು ಇಟ್ಟಿಲ್ಲ. ಸತ್ವದ ಪ್ರಮಾಣ, ಕರಗುವ ವೇಗ ಮೊದಲಾದವು ಎರಡಕ್ಕೂ ಒಂದೇ. ಕೇಂದ್ರ ಸರಕಾರದ ಜನೌಷಧಿ ಯೋಜನೆಯಲ್ಲಿ ಪ್ರತಿಯೊಂದು ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ಅಂಗಡಿಗಳಿಗೆ ಕಳುಹಿಸುವ ವ್ಯವಸ್ಥೆಯಿದೆ.

ಮಾನದಂಡವಿದ್ದ ಮಾತ್ರಕ್ಕೆ ಯಾವ ಬ್ಯಾಚೂ ಕೆಡುವುದಿಲ್ಲವೆಂದು ಅರ್ಥವಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಪ್ರತಿ ತಿಂಗಳು ಪ್ರಕಟಿಸುವ, ಪರೀಕ್ಷೆಯಲ್ಲಿ ಸೋತ ಬ್ಯಾಚುಗಳ ಪಟ್ಟಿಯಲ್ಲಿ ಬ್ರಾಂಡುಗಳೂ ಜನೆರಿಕ್‌ಗಳೂ ಇರುತ್ತವೆ. ಬೆಲೆಯನ್ನು ನೋಡಿ ಗುಣವನ್ನು ಊಹಿಸಲಾಗದು. ಕೊಳ್ಳುವವರು ಮಾಡಬಹುದಾದುದು ಇಷ್ಟು: ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವ ಸ್ಟ್ರಿಪ್‌ನ್ನೇ ಕೊಳ್ಳುವುದು, ಬಿಲ್ಲನ್ನು ತಪ್ಪದೆ ಪಡೆಯುವುದು, ಬದಲಾವಣೆಯ ಬಳಿಕ ಪರಿಣಾಮವನ್ನು ಅಳೆದು ನೋಡುವುದು.

ಅಳೆಯುವುದು ಎಂದರೆ ಮೈಯ ಅನುಭವವನ್ನು ನಂಬುವುದಲ್ಲ. ರಕ್ತದೊತ್ತಡ ಹೆಚ್ಚಿದುದು ಮೈಗೆ ತಿಳಿಯದೆಯೇ ಇರಬಹುದು. ಮಾತ್ರೆ ಬದಲಾದ ಎರಡರಿಂದ ನಾಲ್ಕು ವಾರಗಳಲ್ಲಿ ರಕ್ತದೊತ್ತಡವನ್ನೂ ಉಪವಾಸದ ಸಕ್ಕರೆಯನ್ನೂ ಕೆಲವು ಬಾರಿ ನೋಡಿ ಹಳೆಯ ಅಂಕಿಗಳ ಪಕ್ಕದಲ್ಲಿ ಬರೆದಿಡಬೇಕು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳ ಬಳಿಕ ಮಾಡಿಸಿದರೆ ಸಂದೇಹವು ಬಹುಪಾಲು ಪರಿಹಾರವಾಗುತ್ತದೆ. ಉಳಿದ ಹಣದ ಒಂದು ಪಾಲನ್ನು ಈ ಪರೀಕ್ಷೆಗೆಂದೇ ತೆಗೆದಿಡಬಹುದು. ಅಂಕಿಗಳು ಏರಿದ್ದರೆ ಮೊದಲು ಮಾತ್ರೆ ತಪ್ಪಿದೆಯೇ, ಆಹಾರ ಬದಲಾಗಿದೆಯೇ ಎಂದು ನೋಡಿ, ಅನಂತರ ವೈದ್ಯರನ್ನು ಕಾಣಬೇಕು.

ಬದಲಾಯಿಸುವಾಗ ಆಗುವ ಅಪಾಯಗಳು

ಬೆಲೆಯ ಲೆಕ್ಕ ಮುಗಿದೊಡನೆ ಮಾತ್ರೆಯನ್ನು ಬದಲಾಯಿಸುವುದು ಸರಿಯಲ್ಲ. ಮೊದಲು ವೈದ್ಯರ ಒಪ್ಪಿಗೆ ಬೇಕು. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ‘ಎಚ್’ ಅನುಸೂಚಿಯ ಔಷಧಗಳ ವಿಷಯದಲ್ಲಿ, ಚೀಟಿಯಲ್ಲಿರುವ ಮದ್ದಿನ ಬದಲು ಅದೇ ಸತ್ವದ ಬೇರೆ ಮದ್ದನ್ನು ಅಂಗಡಿಯವರು ತಾವಾಗಿಯೇ ಕೊಡುವುದಕ್ಕೆ ಔಷಧ ನಿಯಮಗಳು ಅವಕಾಶ ನೀಡುವುದಿಲ್ಲ. ಆದುದರಿಂದ “ಮದ್ದಿನ ಸಾಮಾನ್ಯ ಹೆಸರನ್ನು ಬರೆದುಕೊಡಿ ಡಾಕ್ಟ್ರೇ” ಎಂದು ವೈದ್ಯರಲ್ಲಿಯೇ ಕೇಳುವುದು ನೇರವಾದ ದಾರಿ. ಹೀಗೆ ಕೇಳುವುದರಲ್ಲಿ ಅಗೌರವವೇನೂ ಇಲ್ಲ. ವೈದ್ಯರ ವೃತ್ತಿ ನಿಯಮಾವಳಿಗೆ 2016ರಲ್ಲಿ ತಂದ ತಿದ್ದುಪಡಿಯೇ ಸಾಮಾನ್ಯ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ಹೇಳುತ್ತದೆ.

ಆ ಭೇಟಿಯಲ್ಲಿ ಅಜ್ಜ ಇನ್ನೊಂದು ಸತ್ಯವನ್ನೂ ಹೇಳಬೇಕು: ಸಂಜೆಯ ಮಾತ್ರೆಯನ್ನು ಇಷ್ಟು ತಿಂಗಳು ತೆಗೆದುಕೊಂಡಿಲ್ಲವೆಂಬುದನ್ನು. ರೋಗಿಯು ಬರೆದಷ್ಟನ್ನೂ ತೆಗೆದುಕೊಳ್ಳುತ್ತಿದ್ದಾನೆಂದು ನಂಬಿ, ಸಕ್ಕರೆ ಇಳಿಯದಿರುವುದನ್ನು ಕಂಡು ವೈದ್ಯರು ಪ್ರಮಾಣವನ್ನು ಹೆಚ್ಚಿಸಿರುವ ಸಾಧ್ಯತೆಯಿದೆ. ಮದ್ದು ಅಗ್ಗವಾಯಿತೆಂದು ಆ ಹೆಚ್ಚಿದ ಪ್ರಮಾಣವನ್ನು ಒಮ್ಮೆಲೇ ಪೂರ್ತಿಯಾಗಿ ಆರಂಭಿಸಿದರೆ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಎಷ್ಟರಿಂದ ಆರಂಭಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬದಲಾವಣೆಯ ಅತಿ ದೊಡ್ಡ ಅಪಾಯವು ಮನೆಯ ಕಪಾಟಿನಲ್ಲಿದೆ. ಹಳೆಯ ಬ್ರಾಂಡಿನ ಮಾತ್ರೆ ಹಳದಿ, ಹೊಸ ಜನೆರಿಕ್ ಮಾತ್ರೆ ಬಿಳಿ ಎಂದಿಟ್ಟುಕೊಂಡರೆ, ಹೆಸರನ್ನು ಓದಲಾರದ ಹಿರಿಯರು ಎರಡನ್ನೂ ಬೇರೆಬೇರೆ ಮದ್ದುಗಳೆಂದು ತಿಳಿದು ಜೊತೆಯಲ್ಲಿಯೇ ತೆಗೆದುಕೊಳ್ಳುವ ಸಂಭವವಿದೆ. ಗ್ಲಿಮೆಪಿರೈಡ್ ಹೀಗೆ ಇಮ್ಮಡಿಯಾದರೆ ಬೆವರು, ನಡುಕ, ಅತಿ ಹಸಿವು, ಎದೆಬಡಿತ, ತಲೆ ಸುತ್ತುವುದು, ಮಾತು ತೊದಲುವುದು ಕಾಣಿಸುತ್ತವೆ. ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಸುಧಾರಿಸದಿದ್ದರೆ ಹದಿನೈದು ನಿಮಿಷಗಳ ಬಳಿಕ ಮತ್ತೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ಊಟವನ್ನೂ ಮಾಡಿಸಬೇಕು. ಈ ಮದ್ದಿನ ಪರಿಣಾಮವು ದೀರ್ಘಕಾಲ ಇರುವುದರಿಂದ ಸಕ್ಕರೆಯು ಮತ್ತೆ ಇಳಿಯಬಹುದು. ಅದಕ್ಕಾಗಿ ವೈದ್ಯರಿಗೆ ತೋರಿಸಲೇಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನೆಲ್ಲ ತಪ್ಪಿಸುವ ಉಪಾಯವು ಸರಳ: ಹಳೆಯ ಸ್ಟ್ರಿಪ್ ಪೂರ್ತಿ ಮುಗಿದ ಮೇಲೆಯೇ ಹೊಸದನ್ನು ತೆರೆಯುವುದು, ಎರಡೂ ಒಂದೇ ಡಬ್ಬಿಯಲ್ಲಿ ಇರದಂತೆ ನೋಡಿಕೊಳ್ಳುವುದು.

ಕೆಲವು ಔಷಧಗಳಲ್ಲಿ ಬೆಲೆಯ ಲೆಕ್ಕವನ್ನು ಬದಿಗಿಡಬೇಕಾಗುತ್ತದೆ. ಥೈರಾಯ್ಡ್‌ನ ಲೆವೊಥೈರಾಕ್ಸಿನ್, ಅಪಸ್ಮಾರದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯದ ಡೈಗಾಕ್ಸಿನ್ ಇಂತಹವು. ಇವುಗಳಲ್ಲಿ ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಹೋಗುವುದಾದರೆ ವೈದ್ಯರ ಸೂಚನೆ ಮತ್ತು ರಕ್ತಪರೀಕ್ಷೆ ಎರಡೂ ಬೇಕು. ಹೊಂದಿಕೊಂಡ ತಯಾರಿಕೆಯಲ್ಲಿಯೇ ಮುಂದುವರಿಯುವುದು ಇವುಗಳ ಮಟ್ಟಿಗೆ ಸುರಕ್ಷಿತ.

ಎಲ್ಲಿ ಕೊಳ್ಳುವುದು?

ಜನೌಷಧಿ ಅಂಗಡಿಗಳು 2008ರಲ್ಲಿ ಆರಂಭವಾಗಿ ಈಗ ದೇಶದ ಎಲ್ಲ ರಾಜ್ಯಗಳಲ್ಲಿಯೂ ಇವೆ. ಪ್ರಮುಖ ಬ್ರಾಂಡುಗಳ ಸರಾಸರಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಬೆಲೆಯನ್ನು ಇಡಬಾರದೆಂಬುದು ಆ ಯೋಜನೆಯ ನಿಯಮ. ‘ಜನೌಷಧಿ ಸುಗಮ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಸಮೀಪದ ಅಂಗಡಿಯನ್ನೂ ಮದ್ದಿನ ಬೆಲೆಯನ್ನೂ ನೋಡಬಹುದು. ಕೇರಳದಲ್ಲಿ ಇವುಗಳ ಜೊತೆಗೆ ಕಾರುಣ್ಯ ಸಮುದಾಯ ಔಷಧಾಲಯಗಳು ಮತ್ತು ಸಹಕಾರಿ ವಲಯದ ನೀತಿ ಮೆಡಿಕಲ್ ಸ್ಟೋರ್‌ಗಳು ಇವೆ. ಅಲ್ಲಿ ಬ್ರಾಂಡಿನ ಮದ್ದುಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಆದುದರಿಂದ ಹೋಲಿಕೆಯ ಕಾಗದದಲ್ಲಿ ಇದಕ್ಕೊಂದು ಮೂರನೆಯ ಕಲಂ ಇರಬೇಕು. ತಮಿಳುನಾಡಿನಲ್ಲಿ 2025ರಲ್ಲಿ ಆರಂಭವಾದ ‘ಮುದಲ್ವರ್ ಮರುಂದಗಂ’ ಅಂಗಡಿಗಳಿವೆ.

ಸರಕಾರಿ ಆರೋಗ್ಯ ಕೇಂದ್ರವನ್ನು ಮರೆಯಬಾರದು. ಮಧುಮೇಹ, ರಕ್ತದೊತ್ತಡಗಳ ಸಾಮಾನ್ಯ ಮಾತ್ರೆಗಳನ್ನು ಅಲ್ಲಿ ಬೆಲೆಯಿಲ್ಲದೆ ಕೊಡುತ್ತಾರೆ. ಈ ರೋಗಿಗಳ ಮನೆಬಾಗಿಲಿಗೇ ಮಾತ್ರೆಯನ್ನು ಒಯ್ಯುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರಲ್ಲಿ ಆರಂಭವಾದುದು ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿಯೇ. ಅಲ್ಲಿ ಸಿಗುವ ಮಾತ್ರೆಯ ಹೆಸರು, ಪ್ರಮಾಣ, ರೂಪಗಳು ಚೀಟಿಗೆ ಹೊಂದುತ್ತವೆಯೇ ಎಂದು ನೋಡುವುದು ಇಲ್ಲಿಯೂ ಅಗತ್ಯ.

ಗಡಿನಾಡಿನ ಮನೆಗಳಲ್ಲಿ ಭಾಷೆಯ ತೊಡಕೊಂದಿದೆ. ಚೀಟಿ ಬರೆಯುವವರು ಒಂದು ರಾಜ್ಯದವರು, ಮದ್ದು ಕೊಡುವವರು ಇನ್ನೊಂದು ರಾಜ್ಯದವರು. ಸ್ಟ್ರಿಪ್‌ನ ಮೇಲಿನ ಹೆಸರು ಇಂಗ್ಲಿಷಿನಲ್ಲಿ, ಅಂಗಡಿಯವರ ವಿವರಣೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ. ಮಾತ್ರೆಯನ್ನು ನುಂಗುವ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಕೇಳಿದುದು ಅರ್ಥವಾಗದಿದ್ದರೂ ತಲೆಯಾಡಿಸಿ ಬರುವ ಹಿರಿಯರ ಕೈಯಲ್ಲಿ ಕನ್ನಡದ ಒಂದು ಹಾಳೆ ಇರಬೇಕು.

ತರಗತಿಯಲ್ಲಿ

ಈ ಪಾಠಕ್ಕೆ ಬೇಕಾದುದು ಅಂತಹ ಹಾಳೆಯೊಂದೇ. ವಿದ್ಯಾರ್ಥಿಯು ಮನೆಯ ಅಥವಾ ನೆರೆಯವರ ಖಾಲಿ ಸ್ಟ್ರಿಪ್‌ಗಳನ್ನು ಮಾತ್ರ ತರಬೇಕು. ಮಾತ್ರೆಗಳಿರುವ ಸ್ಟ್ರಿಪ್‌ಗಳನ್ನು ಶಾಲೆಗೆ ತರಬಾರದು. ರೋಗಿಯ ಹೆಸರನ್ನು ಹಾಳೆಯಲ್ಲಿ ಬರೆಯಬೇಕಾಗಿಲ್ಲ. ಮದ್ದಿನ ಸಾಮಾನ್ಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಅದರ ಮುಂದೆ ಪ್ರಮಾಣ, ರೂಪ, ಯಾವ ಹೊತ್ತಿಗೆ ಎಷ್ಟು ಮಾತ್ರೆ, ಒಂದು ಮಾತ್ರೆಗೆ ಕೊಟ್ಟ ಹಣ, ದಿನದ ವೆಚ್ಚ, ವರ್ಷದ ವೆಚ್ಚ ಇವನ್ನು ಕ್ರಮವಾಗಿ ತುಂಬಬೇಕು. ಕೊನೆಯಲ್ಲಿ ಒಂದು ಪ್ರಶ್ನೆ: ಬಿಲ್ಲಿನಲ್ಲಿರುವ ಮಾತ್ರೆಗಳು ಎಷ್ಟು ದಿನಕ್ಕೆ ಸಾಕು, ಮುಂದಿನ ಬಿಲ್ಲು ಎಷ್ಟು ದಿನಗಳ ಬಳಿಕದ್ದು? ಈ ಎರಡು ಅಂಕಿಗಳು ಹೊಂದದಿದ್ದರೆ ಅದನ್ನು ತರಗತಿಯಲ್ಲಿ ಓದಿಸದೆ, ಮನೆಯಲ್ಲಿ ಮೆಲ್ಲನೆ ವಿಚಾರಿಸುವಂತೆ ಅಧ್ಯಾಪಕರು ಸೂಚಿಸಬೇಕು. ಬಡತನವನ್ನು ಹತ್ತು ಜನರ ಮುಂದೆ ತೋರಿಸಿದಂತಾಗಬಾರದು.

ಕುಂಬಳೆಯ ಆ ಮನೆಯಲ್ಲಿ ವೈದ್ಯರು ಸಾಮಾನ್ಯ ಹೆಸರುಗಳಲ್ಲಿ ಹೊಸ ಚೀಟಿಯನ್ನು ಬರೆದುಕೊಟ್ಟ ಮೇಲೆ, ಮೊಮ್ಮಗಳು ಹಾಳೆಯನ್ನು ಕಪಾಟಿನ ಬಾಗಿಲಿಗೆ ಅಂಟಿಸುತ್ತಾಳೆ. ಬೆಳಿಗ್ಗೆಯ ಡಬ್ಬಿಗೆ ‘ಬೆಳಿಗ್ಗೆ’ ಎಂದೂ ಸಂಜೆಯ ಡಬ್ಬಿಗೆ ‘ಸಂಜೆ’ ಎಂದೂ ರಾತ್ರಿಯದಕ್ಕೆ ‘ರಾತ್ರಿ’ ಎಂದೂ ದಪ್ಪ ಅಕ್ಷರಗಳಲ್ಲಿ ಬರೆದಿಡುತ್ತಾಳೆ. ಮುಂದಿನ ತಿಂಗಳ ಬಿಲ್ಲು 150 ರೂಪಾಯಿ. ಅದರಲ್ಲಿ ಮಧುಮೇಹದ ಮಾತ್ರೆಗಳು ಅರುವತ್ತು. ಮೂವತ್ತನೆಯ ದಿನ ಸಂಜೆಯ ಡಬ್ಬಿಯೂ ಬೆಳಗಿನ ಡಬ್ಬಿಯ ಜೊತೆಯಲ್ಲಿಯೇ ಬರಿದಾಗಿರುತ್ತದೆ.